ನಾಲ್ಕು ದಿನದ ವಾರ: ಒಂದು ಸ್ಪಷ್ಟನೆ

ಜನ ಕೆಲಸಕ್ಕೆ ಬರುವ ಕಚೇರಿಗಳ ಬಗ್ಗೆ ಹರಿದಾಡುತ್ತಿರುವ ಮಾತು: “ಐದು ದಿನ ಎಂಟು ಗಂಟೆ ಬದಲು ನಾಲ್ಕು ದಿನ ಹತ್ತು ಗಂಟೆ ಮಾಡಿ. ಅದೇ ನಲವತ್ತು ಗಂಟೆ, ಕೌಂಟರ್‌ಗೆ ಏನೂ ವ್ಯತ್ಯಾಸ ಆಗಲ್ಲ. ಬ್ರಿಟನ್‌ನಲ್ಲಿ ಸಿಬ್ಬಂದಿ ನೆಮ್ಮದಿಯಾಗಿದ್ದಾರೆ ಅಂತ ಸಾಬೀತಾಗಿದೆ.”

ಬ್ರಿಟನ್ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. 2022ರ ಆ ಪ್ರಯೋಗದಲ್ಲಿ ಸಂಬಳ ಕಡಿತವಿಲ್ಲದೆ ಕೆಲಸದ ಗಂಟೆಗಳನ್ನೇ ಇಳಿಸಿದ್ದರು. ನಲವತ್ತನ್ನು ನಾಲ್ಕು ದಿನಕ್ಕೆ ತುರುಕುವುದು ಬೇರೆಯೇ ಸಂಗತಿ. ಅದನ್ನು ಮಾಡಿದ್ದು ಅಮೆರಿಕದ ಯೂಟಾ ರಾಜ್ಯ. 2008ರಲ್ಲಿ ಅಲ್ಲಿನ ಬಹುತೇಕ ಸರ್ಕಾರಿ ಕಚೇರಿಗಳು ಶುಕ್ರವಾರ ಬಾಗಿಲು ಹಾಕಿದವು, 2011ರಲ್ಲಿ ಮತ್ತೆ ತೆರೆದವು.

ಇನ್ನು ಕೌಂಟರ್ ಲೆಕ್ಕ. ಐದು ಜನರ ಕಚೇರಿ, ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆ ತೆರೆದಿರುತ್ತದೆ ಎನ್ನಿ. ಈಗ ದಿನವೂ ಐವರು ಇರುತ್ತಾರೆ. ಸರದಿಯಲ್ಲಿ ಒಬ್ಬೊಬ್ಬರಿಗೆ ಒಂದು ದಿನ ಬಿಡುವು ಕೊಟ್ಟರೆ ನಾಲ್ವರೇ ಉಳಿಯುತ್ತಾರೆ. ಜನ ಬರುವ ಸಮಯದಲ್ಲಿ 200 ಗಂಟೆಯ ದುಡಿಮೆ 160ಕ್ಕೆ ಇಳಿಯಿತು. ಉಳಿದ 40 ಗಂಟೆ, ಅಂದರೆ ನಾಲ್ವರೂ ದಿನಕ್ಕೆ ಹೆಚ್ಚಾಗಿ ಕೂರುವ ಎರಡೆರಡು ಗಂಟೆ, ಮುಚ್ಚಿದ ಕೌಂಟರಿನ ಹಿಂದೆ ಕಳೆಯುತ್ತದೆ. ಬಾಕಿ ಕಡತಗಳಿದ್ದರೆ ಅದೂ ಉಪಯೋಗವೇ, ಇಲ್ಲದಿದ್ದರೆ ಬರೀ ಚಹಾ. ಒಬ್ಬರು ರಜೆ ಹಾಕಿದ ದಿನ ಮೂವರೇ. ಬೆಳಿಗ್ಗೆ ಬೇಗ, ಸಂಜೆ ತಡವಾಗಿ ನಿಜಕ್ಕೂ ಜನ ಬರುವ ಕಡೆ ಮಾತ್ರ ಹತ್ತು ಗಂಟೆ ತೆರೆದು ಲಾಭ ಪಡೆಯಬಹುದು.

ಸಿಬ್ಬಂದಿಗೆ ವಾರಕ್ಕೊಂದು ದಿನದ ಓಡಾಟ ಉಳಿಯುವುದು ನಿಜ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವವರಿಗೆ ಅದು ದೊಡ್ಡದೇ. ಆದರೆ ಅದೇ ವ್ಯಕ್ತಿ ಉಳಿದ ನಾಲ್ಕು ದಿನ, ಊಟದ ಬಿಡುವೂ ಸೇರಿ, ಹದಿಮೂರೂವರೆ ಗಂಟೆ ಮನೆಯಿಂದ ಹೊರಗಿರುತ್ತಾರೆ. ಅಷ್ಟು ಹೊತ್ತಿಗೆ ಮಗುವಿನ ಡೇಕೇರ್ ಮುಚ್ಚಿರುತ್ತದೆ.