ಕೊನೆಯ ಮುಟ್ಟಿಗೆ ತಾರೀಖಿಲ್ಲ

ಮೊದಲ ಮುಟ್ಟಿನ ದಿನ ಬಹುತೇಕ ಹೆಂಗಸರಿಗೆ ನೆನಪಿರುತ್ತದೆ. ತೊಟ್ಟಿದ್ದ ಬಟ್ಟೆ, ಆದ ಗಾಬರಿ, ಅಮ್ಮನ ಮುಖ, ಎಲ್ಲವೂ. ಕೊನೆಯದು ಬಂದಾಗ ಮಾತ್ರ ಅದು ಕೊನೆಯದೆಂದು ಯಾರಿಗೂ ತಿಳಿಯುವುದಿಲ್ಲ. ಸತತ 12 ತಿಂಗಳು ಮುಟ್ಟಾಗದೆ ಕಳೆದ ಮೇಲೆಯೇ ವೈದ್ಯರು ಅದನ್ನು ಋತುಬಂಧವೆನ್ನುವುದು. ಅಂದರೆ ಹೋದವರು ಹೋಗಿ ವರ್ಷವಾದ ಮೇಲೆ ನಮಗೆ ಸುದ್ದಿ. ರಕ್ತಪರೀಕ್ಷೆಯಲ್ಲಿ ಮೊದಲೇ ತಿಳಿಯಬಾರದೇ ಎಂದು ನಾನು ವೈದ್ಯೆಯನ್ನು ಕೇಳಿದ್ದೆ. ನಲವತ್ತೈದು ದಾಟಿದವರಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ, ಈ ವಯಸ್ಸಿನಲ್ಲಿ ಹಾರ್ಮೋನುಗಳು ಇವತ್ತೊಂದು ನಾಳೆಯೊಂದು ಹೇಳುತ್ತವೆ ಎಂದರು. ನನ್ನ ಮನಸ್ಸಿನ ಬಗ್ಗೆಯೂ ಅದೇ ಮಾತು ಹೇಳಬಹುದಿತ್ತು.

ಈ ವಿಷಯದಲ್ಲಿ ನನಗಿಂತ ಮುಂದಿರುವವಳು ಅಕ್ಕ. ಅವಳಿಗೆ ಹತ್ತು ತಿಂಗಳು ಏನೂ ಇರಲಿಲ್ಲ. ಉಳಿದಿದ್ದ ಪ್ಯಾಡುಗಳನ್ನೆಲ್ಲ ಮಗಳಿಗೆ ಕೊಟ್ಟು, ಕಪಾಟಿನ ಆ ಜಾಗದಲ್ಲಿ ಕನ್ನಡಕದ ಡಬ್ಬಿ ಇಟ್ಟುಕೊಂಡು ನಿಶ್ಚಿಂತಳಾಗಿದ್ದಳು. ಹನ್ನೊಂದನೆಯ ತಿಂಗಳು ಮುಟ್ಟಾಯಿತು. ನಿಯಮದ ಪ್ರಕಾರ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಫೋನಿನಲ್ಲಿ ಅಕ್ಕ ಮೊದಲು ಬೈದಳು, ಹೊಟ್ಟೆನೋವನ್ನು ಬೈದಳು, ಮಗಳ ಹತ್ತಿರ ಪ್ಯಾಡು ಕೇಳಬೇಕಾಗಿ ಬಂದದ್ದನ್ನು ಬೈದಳು. ಆಮೇಲೆ ದನಿ ತಗ್ಗಿಸಿ, "ಇನ್ನೂ ಇದೆ ಕಣೇ" ಎಂದಳು. ಆ ದನಿಯಲ್ಲಿ ನಗುವಿತ್ತು.

ನನಗೆ ಆಶ್ಚರ್ಯವಾಗಿದ್ದು ಆ ನಗುವಿಗೆ. ಪ್ರತಿ ಪ್ರವಾಸಕ್ಕೂ ಪರೀಕ್ಷೆಗೂ ಅಡ್ಡ ಬರುತ್ತದೆಂದು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಶಪಿಸಿದ್ದನ್ನು ಅವಳು ಹೀಗೆ ಸ್ವಾಗತಿಸುವುದೇ? ಇನ್ನೊಂದು ಮಗು ಬೇಕೆಂದೇನೂ ಅಲ್ಲ. ಆ ಮಾತೆತ್ತಿದರೆ ಅವಳು ಫೋನು ಇಟ್ಟುಬಿಡುತ್ತಾಳೆ. ಬೇಡವಾದದ್ದನ್ನೂ ಬೇಡವೆನ್ನುವ ಅಧಿಕಾರ ತನ್ನ ಬಳಿಯೇ ಇರಲಿ ಎಂಬ ಆಸೆ ಅದು ಎಂದು ನನ್ನ ಊಹೆ.

ಆದರೆ ಹೆಣ್ತನವನ್ನು ಅಂಡಾಣುಗಳಲ್ಲಿ ಅಳೆಯಲು ಹೊರಟರೆ ಲೆಕ್ಕ ವಿಚಿತ್ರವಾಗುತ್ತದೆ. ಐದು ತಿಂಗಳ ಹೆಣ್ಣುಭ್ರೂಣದಲ್ಲಿ ಸುಮಾರು 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವ ಹೊತ್ತಿಗೆ ಉಳಿಯುವುದು 10ರಿಂದ 20 ಲಕ್ಷ, ಮೊದಲ ಮುಟ್ಟಿನ ವೇಳೆಗೆ ಮೂರೋ ನಾಲ್ಕೋ ಲಕ್ಷ. ಬದುಕಿಡೀ ತಿಂಗಳಿಗೊಂದರಂತೆ ಹೊರಬೀಳುವುದು ಸುಮಾರು ನಾನೂರು. ಅಂದರೆ ನಮ್ಮ ಇಳಿಗಾಲ ಅಮ್ಮನ ಹೊಟ್ಟೆಯಲ್ಲೇ ಶುರುವಾಗಿತ್ತು! ಹದಿನೆಂಟರ ಬೆಡಗಿನಲ್ಲಿ ಕನ್ನಡಿಯ ಮುಂದೆ ನಿಂತವಳು ಬಹುಪಾಲನ್ನು ಆಗಲೇ ಕಳೆದುಕೊಂಡಿದ್ದಳು, ಅವಳಿಗದು ಗೊತ್ತಿರಲಿಲ್ಲ, ಅಷ್ಟೆ.

ಇನ್ನು ಈ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೈಗೇರುವ ಆ ಬಿಸಿ. ಈಸ್ಟ್ರೋಜನ್ ಎಂಬ ಹೆಣ್ಣುಹಾರ್ಮೋನು ಇಳಿದಾಗ ಮಿದುಳಿನಲ್ಲಿ ಮೈಯ ತಾಪ ಕಾಯುವ ಭಾಗ ಅತಿಸೂಕ್ಷ್ಮವಾಗುತ್ತದೆ. ಮೊದಲು ಗಮನಿಸದೆ ಬಿಡುತ್ತಿದ್ದ ಚೂರು ಏರಿಕೆಗೂ ಈಗ ಗಾಬರಿಯಾಗಿ ಚರ್ಮಕ್ಕೆ ರಕ್ತ ನುಗ್ಗಿಸುತ್ತದೆ, ಬೆವರಿಳಿಸುತ್ತದೆ, ಕೆಲವೇ ನಿಮಿಷಗಳಲ್ಲಿ ಚಳಿ ಹುಟ್ಟಿಸುತ್ತದೆ. ಕಚೇರಿಯ ಸಭೆಯ ನಡುವೆ ನನ್ನ ಕೆನ್ನೆ ಕೆಂಪಾದಾಗ, ಎದುರಿಗಿದ್ದ ಹುಡುಗ ತನ್ನ ಲೆಕ್ಕಪತ್ರ ನೋಡಿ ನನಗೆ ಸಿಟ್ಟು ಬಂದಿದೆಯೆಂದು ತಡವರಿಸತೊಡಗಿದ. ಇಪ್ಪತ್ತರಲ್ಲಿ ನನ್ನ ಕೆನ್ನೆ ಕೆಂಪಾಗಲು ಯಾರಾದರೂ ನೋಡಬೇಕಿತ್ತು. ಈಗ ಯಾರ ಹಂಗೂ ಇಲ್ಲ.

ಬಿಸಿಯ ಬಗ್ಗೆ ಹೀಗೆ ನಗುತ್ತಾ ಹೇಳಿಕೊಳ್ಳಬಹುದು. ಬೀಸಣಿಗೆ ಕೈಗೆತ್ತಿಕೊಂಡರೆ ಸುತ್ತಲಿನ ಹೆಂಗಸರೆಲ್ಲ ನಗುತ್ತಾರೆ. ಯಾರೂ ಬಾಯಿಬಿಡದ್ದು ಯೋನಿಯ ಒಣಗುವಿಕೆಯನ್ನು. ಅಕ್ಕ ಅದನ್ನು ಹೇಳಲು ಎರಡು ವರ್ಷ ತೆಗೆದುಕೊಂಡಳು. ಭಾವ ಹತ್ತಿರ ಬಂದರೆ ನೋವಾಗುತ್ತಿತ್ತು, ಅವಳು ತಲೆನೋವಿನ ನೆಪ ಹೇಳುತ್ತಿದ್ದಳು, ಅವರು ತಾನೇ ಅವಳಿಗೆ ಬೇಡವಾದೆನೆಂದು ದೂರ ಸರಿದರು. ಅವರು ಸರಿದದ್ದನ್ನು ನೋಡಿ ತನ್ನಲ್ಲಿ ಹೆಣ್ಣೇ ಉಳಿದಿಲ್ಲವೆಂದು ಇವಳು ಅತ್ತಳು. ಒಳಪದರ ತೆಳುವಾದುದರ ಫಲವನ್ನು ಇಬ್ಬರೂ ಪ್ರೀತಿ ತೆಳುವಾದುದೆಂದು ಓದಿಕೊಂಡಿದ್ದರು. ಬಿಸಿಯಂತೆ ಇದು ಕಾಲಕ್ರಮದಲ್ಲಿ ತಾನಾಗಿ ಕಡಿಮೆಯಾಗುವುದಿಲ್ಲ, ಬಿಟ್ಟರೆ ಹೆಚ್ಚಾಗುವುದೇ ಹೆಚ್ಚು. ವೈದ್ಯೆ ಬರೆದುಕೊಟ್ಟದ್ದು ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮು. ಕೆಲವು ವಾರಗಳಲ್ಲಿ ನೋವು ಇಳಿಯಿತು. ಎರಡು ವರ್ಷದ ಮೌನಕ್ಕೆ ಮದ್ದು ಬೆರಳುದ್ದದ ಟ್ಯೂಬಿನಲ್ಲಿತ್ತೆಂದು ಅಕ್ಕನಿಗೆ ಇನ್ನೂ ಕೋಪ.

ಎರಡನೆಯ ಸಲ ಅವಳು 12 ತಿಂಗಳನ್ನು ಪೂರ್ತಿ ಮಾಡಿದಳು. ಇನ್ನು ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು ಎಂದು ವೈದ್ಯೆ ಹೇಳಿದ್ದಾರೆ. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತದೆ, ಆದರೂ ಗರ್ಭಕೋಶದ ಕ್ಯಾನ್ಸರಿನ ಮೊದಲ ಸುಳಿವೂ ಅದೇ ಆಗಿರಬಹುದು. ಹನ್ನೊಂದನೆಯ ತಿಂಗಳಲ್ಲಿ ಅವಳನ್ನು ನಗಿಸಿದ್ದ ರಕ್ತ ಈಗ ಬಂದರೆ ಸ್ಕ್ಯಾನಿಂಗ್‌ಗೆ ಓಡಿಸುತ್ತದೆ. "ಒಂದು ತಿಂಗಳು ಆಚೀಚೆ ಆದರೆ ಅದೇ ರಕ್ತಕ್ಕೆ ಎರಡು ಅರ್ಥ ನೋಡು" ಎಂದು ಅಕ್ಕ ಫೋನಿನಲ್ಲಿ ಗೊಣಗಿದಳು. ಭಾವ ಕರೆಯುತ್ತಿದ್ದಾರೆಂದು ಮಾತು ಅರ್ಧಕ್ಕೇ ನಿಲ್ಲಿಸಿ ಹೋದಳು.