ಜಿಲ್ಲಾ ಪಂಚಾಯಿತಿಗೆ ಮೂರು ರೂಪಾಯಿ

ಚುನಾವಣೆಗೆ ಪಣ ಕಟ್ಟಲು ಹಾಸನದವರಿಗೆ ಆ್ಯಪ್ ಬೇಕಿರಲಿಲ್ಲ. ಟಗರು, ಟ್ರ್ಯಾಕ್ಟರ್, ಧೈರ್ಯವಿದ್ದರೆ ಎರಡು ಎಕರೆ. ಆದರೂ ಎನ್.ಆರ್. ವೃತ್ತದಲ್ಲಿ ಚಹಾ ಕುಡಿಯುವ ಪದವೀಧರರು ಇಂದಿಗೂ ಮೊಬೈಲಿನಲ್ಲಿ, ಮುಂದೇನಾಗುತ್ತದೆ ಎಂಬ ಪ್ರಶ್ನೆಗಳನ್ನೇ ಷೇರಿನಂತೆ ಕೊಂಡು ಮಾರುವ 'ಪ್ರಿಡಿಕ್ಷನ್ ಮಾರ್ಕೆಟ್' ತೋರಿಸಿ, "ಮಾರುಕಟ್ಟೆ ಎಪ್ಪತ್ತು ಪರ್ಸೆಂಟ್ ಅನ್ನುತ್ತಿದೆ ಸಾರ್" ಎಂದು ಶಾಸ್ತ್ರ ಹೇಳುತ್ತಾರೆ. ನಮಸ್ಕಾರ, ವಿಜ್ಞಾನಕ್ಕೆ.

ನಮ್ಮ ಜಿಲ್ಲೆಗೆ ತಕ್ಕ ಪ್ರಶ್ನೆಯನ್ನೇ ಮಾರಾಟಕ್ಕಿಡೋಣ: ಈ ವರ್ಷ ಜಿಲ್ಲಾ ಪಂಚಾಯಿತಿ ಚುನಾವಣೆ ನಡೆಯುತ್ತದೆಯೇ? 'ಹೌದು' ಷೇರಿಗೆ ಮೂರು ರೂಪಾಯಿ, 'ಇಲ್ಲ' ಷೇರಿಗೆ ಏಳು. ಎರಡೂ ಸೇರಿ ಹತ್ತು. ಗೆದ್ದ ಷೇರಿಗೆ ಪೂರ್ತಿ ಹತ್ತು, ಸೋತದ್ದಕ್ಕೆ ಸೊನ್ನೆ. ಹಾಗಾಗಿ ಏಳು ರೂಪಾಯಿ ಎಂದರೆ ಚುನಾವಣೆ ನಡೆಯದಿರುವ ಸಾಧ್ಯತೆ ನೂರಕ್ಕೆ ಎಪ್ಪತ್ತು. ಪಂಚಾಯಿತಿಯ ಅವಧಿ ಮುಗಿದದ್ದು 2021ರಲ್ಲಿ. ಏಳು ರೂಪಾಯಿಯೂ ಅಗ್ಗವೆಂದೇ ನನ್ನ ಅನಿಸಿಕೆ.

ಇಂಥ ನೂರು ಪ್ರಶ್ನೆಗಳಿಗೆ ನೀವು ಏಳೇಳು ರೂಪಾಯಿ ಹಾಕಿದಿರಿ, ಮಾರುಕಟ್ಟೆಯ ಮಾತು ಅಕ್ಷರಶಃ ನಿಜವಾಯಿತು ಎನ್ನಿ. ಎಪ್ಪತ್ತು ಗೆಲುವು, ತಲಾ ಮೂರು ರೂಪಾಯಿ ಲಾಭ, 210. ಮೂವತ್ತು ಸೋಲು, ತಲಾ ಏಳು ನಷ್ಟ, ಅದೂ 210. ಸರಿಸಮ. ಈಗ ಕಂಪನಿ ಲಾಭದಲ್ಲಿ ನೂರಕ್ಕೆ ಹತ್ತು ಕಮಿಷನ್ ಮುರಿಯುತ್ತದೆ ಎಂದಿಟ್ಟುಕೊಳ್ಳಿ: ಕೈಗೆ ಬರುವುದು 189, ಕೈಬಿಡುವುದು 210. ಭವಿಷ್ಯವನ್ನು ಸರಿಯಾಗಿ ಊಹಿಸಿದ ಜಾಣನಿಗೆ 21 ರೂಪಾಯಿ ದಂಡ. ಸಮವಾಗಲು ನೂರಕ್ಕೆ ಎಪ್ಪತ್ತೆರಡಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ಇದು ತೆರಿಗೆಗೆ ಮುಂಚಿನ ಲೆಕ್ಕ.

ಆ ಎಪ್ಪತ್ತೂ ಎಷ್ಟು ಗಟ್ಟಿ? ಜಿಲ್ಲಾ ಪಂಚಾಯಿತಿಯ ಷೇರು ಕೊಳ್ಳುವವರು ಹತ್ತಿಪ್ಪತ್ತು ಜನ. ಗುತ್ತಿಗೆದಾರನೊಬ್ಬ ಇಪ್ಪತ್ತು ಸಾವಿರ ಸುರಿದರೆ 'ಹೌದು' ಮೂರರಿಂದ ಆರಕ್ಕೇರುತ್ತದೆ; ಸಂಜೆಗೆ "ಚುನಾವಣೆ ಸಾಧ್ಯತೆ ದ್ವಿಗುಣ" ಎಂದು ಸುದ್ದಿ. ಆಯೋಗದಲ್ಲಿ ಒಂದು ಕಡತವೂ ಅಲುಗಿರುವುದಿಲ್ಲ. ಇನ್ನು 'ನಡೆಯುವುದು' ಎಂದರೆ ಅಧಿಸೂಚನೆಯೋ, ಮತದಾನವೋ, ಎಣಿಕೆಯೋ? ಅದನ್ನು ನಿಯಮದಲ್ಲಿ ಮೊದಲೇ ಬರೆದಿರದಿದ್ದರೆ ಡಿಸೆಂಬರ್ 31ರಂದು ಜಗಳ ಖಚಿತ. ಆ ಜಗಳಕ್ಕೆ ಮಾತ್ರ ಷೇರು ಇಲ್ಲ.

ಕಾನೂನಿನ ಕಥೆ ನಿಮಗೆ ಗೊತ್ತೇ ಇದೆ. ಹಣ ಕಟ್ಟುವ ಆನ್‌ಲೈನ್ ಆಟಗಳ ಮೇಲೆ ರಾಜ್ಯ 2021ರಲ್ಲಿ ತಂದ ನಿಷೇಧದ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಹಣದ ಆನ್‌ಲೈನ್ ಆಟಗಳ ಠೇವಣಿಗೆ ಬಿದ್ದದ್ದು ಶೇ 28 ಜಿಎಸ್‌ಟಿ. 2025ರ ಏಪ್ರಿಲ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ, ಇಂಥ ಊಹೆಯ ಷೇರುಗಳ ವ್ಯಾಪಾರ ತನ್ನ ವ್ಯಾಪ್ತಿಯದಲ್ಲ ಎಂದಿತು. ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಅದನ್ನು ಪ್ರಶ್ನಿಸಿದವರು ಕೋರ್ಟಿಗೆ ಹೋದರು. ತೆರಿಗೆ ಹಾಕುವಾಗ ಯಾರಿಗೂ ಗೊಂದಲವಿರಲಿಲ್ಲ ಎಂಬುದನ್ನು ಗಮನಿಸಿ.

ನಗುವುದೂ ಸಾಕಾಗಿದೆ. ಐದು ವರ್ಷಕ್ಕೊಮ್ಮೆ ನಡೆಯಬೇಕೆಂದು ಸಂವಿಧಾನವೇ ಹೇಳಿದ ಚುನಾವಣೆಯ ಮೇಲೆ ಪಣ ಕಟ್ಟಬಹುದಾದ ಸ್ಥಿತಿ ಬಂದಿದೆಯಲ್ಲ, ನಾಚಿಕೆಯಾಗಬೇಕಾದದ್ದು ಪಣ ಕಟ್ಟುವವನಿಗಲ್ಲ. ಸಕಲೇಶಪುರದ ಹಳ್ಳಿಯ ರಸ್ತೆ ಕುಸಿದರೆ ಹೇಳಿಕೊಳ್ಳಲು ಸದಸ್ಯನಿಲ್ಲ. ಅಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಬರಬೇಕು, ಮುಂದಿನ ತಿಂಗಳು ಮತ್ತೊಮ್ಮೆ.