ನೋಟಿಸ್ ಸರಿಯೋ ತಪ್ಪೋ ಎಂದು ಕೇಳುವ ಮೊದಲು ಮನೆ ಯಾವ ರಾಜ್ಯದಲ್ಲಿದೆ ಹೇಳಿ

“ಓನರ್ 15 ದಿನದಲ್ಲಿ ಮನೆ ಖಾಲಿ ಮಾಡಿ ಅಂತ ನೋಟಿಸ್ ಕಳಿಸಿದ್ದಾರೆ. ಇದು ವ್ಯಾಲಿಡ್ಡಾ? ಅರ್ಜೆಂಟ್.”

ಇವತ್ತು ಬೆಳಿಗ್ಗೆ ಪರಿಚಿತರೊಬ್ಬರು ಕೇಳಿದ್ದು ಇಷ್ಟೇ. ಅವರ ಜೊತೆಗಿದ್ದವರು ಆಗಲೇ ತೀರ್ಪು ಕೊಟ್ಟಾಗಿತ್ತು. ಕನಿಷ್ಠ ಒಂದು ತಿಂಗಳು ಕೊಡಲೇಬೇಕು ಎಂದು ಒಬ್ಬರು. ಕಾನೂನಿನಲ್ಲಿರುವುದೇ 15 ದಿನ ಎಂದು ಇನ್ನೊಬ್ಬರು. ವಾಟ್ಸಾಪ್‌ನಲ್ಲಿ ಬಂದದ್ದು ನೋಟಿಸೇ ಅಲ್ಲ, ಸುಮ್ಮನಿರಿ ಎಂದು ಮತ್ತೊಬ್ಬರು. ಕರಾರು ಯಾವ ಬಗೆಯದು, ಮನೆ ಯಾವ ರಾಜ್ಯದಲ್ಲಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಈ ಎರಡು ಗೊತ್ತಿಲ್ಲದೆ ನೋಟಿಸ್ ಸರಿ ಎನ್ನುವವರೂ ತಪ್ಪು ಎನ್ನುವವರೂ ಊಹೆ ಮಾಡುತ್ತಿದ್ದಾರೆ. ಆ ಊಹೆಯ ಮೇಲೆ ಒಂದು ಸಂಸಾರ ಸಾಮಾನು ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ.

ಅದೇ 15 ದಿನದ ನೋಟಿಸನ್ನು ಮೊದಲು ಬೆಂಗಳೂರಿಗೆ ತಂದು ನೋಡೋಣ. ತಿಂಗಳಿಗೆ 18,000 ರೂಪಾಯಿ ಬಾಡಿಗೆಯ ವಾಸದ ಮನೆ. 11 ತಿಂಗಳ ಕರಾರು ಮುಗಿದು ವರ್ಷವಾಗಿದೆ, ಹೊಸದು ಬರೆದಿಲ್ಲ. ಆದರೆ ಓನರ್ ಪ್ರತಿ ತಿಂಗಳೂ ಬಾಡಿಗೆ ತೆಗೆದುಕೊಳ್ಳುತ್ತಿದ್ದಾರೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇಂಥ ಮನೆಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಅದರ ವ್ಯಾಪ್ತಿಯ ಹೊರಗಿದೆ. ಆಗ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 116ನೇ ಕಲಮಿನ ಪ್ರಕಾರ ಈ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ. ಅದನ್ನು ಮುಗಿಸಲು 106ನೇ ಕಲಂ ಕೇಳುವುದು 15 ದಿನದ ನೋಟಿಸ್. ಹಾಗಾಗಿ ಇಲ್ಲಿ 15 ದಿನ ಎಂದವರ ಮಾತು ಸರಿ.

ಈಗ ಒಂದೇ ಒಂದು ವಿವರ ಬದಲಿಸಿ. ಕರಾರು ಇನ್ನೂ ಚಾಲ್ತಿಯಲ್ಲಿದೆ, ಯಾವ ಕಡೆಯವರು ಬಿಡಿಸುವುದಾದರೂ ಎರಡು ತಿಂಗಳ ನೋಟಿಸ್ ಕೊಡಬೇಕು ಎಂದು ಅದರಲ್ಲಿ ಬರೆದಿದೆ ಎಂದುಕೊಳ್ಳಿ. 106ನೇ ಕಲಮಿನ 15 ದಿನ ಅನ್ವಯಿಸುವುದು ಬೇರೆ ಒಪ್ಪಂದ ಇಲ್ಲದಿದ್ದಾಗ ಮಾತ್ರ. ಇಲ್ಲಿ ಒಪ್ಪಂದ ಇದೆ, ಆದ್ದರಿಂದ 15 ದಿನದ ನೋಟಿಸ್ ನಿಲ್ಲುವುದಿಲ್ಲ. ಮನೆ ಅದೇ, ಓನರ್ ಅದೇ, ನೋಟಿಸಿನ ಪದಗಳೂ ಅವೇ. ಕರಾರಿನ ಒಂದು ಸಾಲು ಉತ್ತರವನ್ನು ತಿರುಗಿಸಿತು.

ಇನ್ನು ದಿನಗಳ ಲೆಕ್ಕ. ನೋಟಿಸಿನಲ್ಲಿ ಹಾಕಿದ ತಾರೀಕು ಜೂನ್ 1, ಅಂಚೆಯವರು ಕೈಗೆ ಕೊಟ್ಟದ್ದು ಜೂನ್ 9 ಎಂದುಕೊಳ್ಳಿ. 15 ದಿನ ಶುರುವಾಗುವುದು ಕೈಗೆ ಬಂದ ತಾರೀಕಿನಿಂದ, ಅಂದರೆ ಅವಧಿ ಮುಗಿಯುವುದು ಜೂನ್ 24ಕ್ಕೆ. ಓನರ್ ಜೂನ್ 16ಕ್ಕೇ ಖಾಲಿ ಮಾಡಿ ಎಂದು ಬರೆದಿದ್ದರೆ ಅದು ತಪ್ಪು ಲೆಕ್ಕ. ಇದನ್ನು ಕಂಡ ತಕ್ಷಣ “ನೋಟಿಸ್ ಬಿದ್ದುಹೋಯಿತು” ಎಂದು ಬಾಡಿಗೆದಾರರು ನಿರಾಳವಾಗುತ್ತಾರೆ. ಹಾಗೆ ನಿರಾಳವಾಗಬೇಡಿ. 2002ರ ಕೊನೆಯಲ್ಲಿ ಈ ಕಲಂ ತಿದ್ದುಪಡಿಯಾಯಿತು. ಅದಕ್ಕೂ ಮುಂಚೆ ನೋಟಿಸಿನ ಅವಧಿ ಬಾಡಿಗೆಯ ತಿಂಗಳ ಕೊನೆಗೆ ಸರಿಯಾಗಿ ಮುಗಿಯಬೇಕಿತ್ತು. ಒಂದು ದಿನ ಆಚೀಚೆಯಾದರೂ ದಾವೆಯೇ ಬೀಳುತ್ತಿತ್ತು. ಈಗ ತಿಂಗಳ ಕೊನೆಯ ಕಟ್ಟುಪಾಡು ಇಲ್ಲ. ನೋಟಿಸಿನಲ್ಲಿ ದಿನ ಕಡಿಮೆ ಕೊಟ್ಟಿದ್ದರೂ, ನಿಜವಾದ 15 ದಿನ ಕಳೆದ ಮೇಲೆ ದಾವೆ ಹಾಕಿದ್ದರೆ, ಆ ಒಂದೇ ಕಾರಣಕ್ಕೆ ನೋಟಿಸ್ ಅಸಿಂಧುವಾಗುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ನೋಟಿಸಿನ ತಾರೀಕಿಗಿಂತ ಹೆಚ್ಚಾಗಿ ದಾವೆ ಹಾಕಿದ ತಾರೀಕು.

ವಾಟ್ಸಾಪ್ ಮಾತಿಗೂ ಇದೇ ಗತಿ. 106ನೇ ಕಲಂ ಕೇಳುವುದು ಬರಹದಲ್ಲಿರುವ, ಸಹಿ ಇರುವ ನೋಟಿಸ್. ಅದನ್ನು ಅಂಚೆಯಲ್ಲಿ ಕಳಿಸಬಹುದು, ಬಾಡಿಗೆದಾರರ ಕೈಗೆ ಕೊಡಬಹುದು, ಅವರ ಮನೆಯವರಿಗೋ ಕೆಲಸದವರಿಗೋ ಮನೆಯಲ್ಲೇ ಕೊಡಬಹುದು. ಇದ್ಯಾವುದೂ ಆಗದಿದ್ದರೆ ಮನೆಯ ಎದ್ದು ಕಾಣುವ ಜಾಗಕ್ಕೆ ಅಂಟಿಸಬಹುದು. ಬರೀ ವಾಟ್ಸಾಪ್ ನೆಚ್ಚಿಕೊಂಡ ಓನರ್‌ನ ನೆಲೆ ದುರ್ಬಲ ಎನ್ನುವುದು ನಿಜ. ಆದರೆ ಅವರು ಮರುದಿನವೇ ಅದನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಅಂಚೆಗೆ ಹಾಕಿದರೆ ನಿಮಗೆ ಉಳಿದದ್ದು ಕೆಲವೇ ದಿನ. ಆ ಅಂಚೆಯನ್ನು ವಾಪಸ್ ಕಳಿಸಿದರೂ ಪ್ರಯೋಜನವಿಲ್ಲ. ಸರಿಯಾದ ವಿಳಾಸಕ್ಕೆ ಬಂದ ರಿಜಿಸ್ಟರ್ಡ್ ಅಂಚೆಯ ಮೇಲೆ “ತೆಗೆದುಕೊಳ್ಳಲು ನಿರಾಕರಿಸಿದರು” ಎಂಬ ಷರಾ ಬಿದ್ದರೆ, ನೋಟಿಸ್ ತಲುಪಿದೆ ಎಂದೇ ನ್ಯಾಯಾಲಯ ಭಾವಿಸುತ್ತದೆ. ತೆಗೆದುಕೊಳ್ಳಿ. ಲಕೋಟೆಯನ್ನು ಹರಿದು ಬಿಸಾಡಬೇಡಿ, ಅದರ ಮೇಲಿನ ಅಂಚೆ ಮುದ್ರೆ ನಿಮಗೇ ಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಬೆಂಗಳೂರಿನ ಮನೆಗೆ. ಅದೇ ನೋಟಿಸ್ ಪುಣೆಯ ಮನೆಗೆ ಬಂದಿದ್ದರೆ ಮೇಲಿನ ಲೆಕ್ಕದ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಜನರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ಮಹಾರಾಷ್ಟ್ರದಲ್ಲಿ ಮನೆಗಳನ್ನು ಸಾಮಾನ್ಯವಾಗಿ ಕೊಡುವುದು ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ. ಅದು ಬಾಡಿಗೆ ಹಕ್ಕನ್ನು ಕೊಡುವುದಿಲ್ಲ, ಇರಲು ಅನುಮತಿ ಕೊಡುತ್ತದೆ ಅಷ್ಟೆ. ಹಾಗಾದರೆ ಕರಾರಿನ ತಲೆಯ ಮೇಲೆ ಆ ಹೆಸರು ಇದ್ದರೆ ಸಾಕೇ? ಇಲ್ಲೂ ರಾಜ್ಯ ಕೇಳಬೇಕು. 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಹೆಸರು ನೋಡಬೇಡಿ, ಒಳಗಿನ ಹೂರಣ ನೋಡಿ ಎಂದು. ಬೆಂಗಳೂರಿನಲ್ಲಿ ಯಾರೋ ಮಾದರಿ ಕರಾರನ್ನು ನಕಲು ಮಾಡಿ “ಲೀವ್ ಅಂಡ್ ಲೈಸೆನ್ಸ್” ಎಂದು ತಲೆಬರಹ ಹಾಕಿ, ಒಳಗೆ ಮನೆಯ ಪೂರ್ತಿ ಸ್ವಾಧೀನವನ್ನೂ ಹಕ್ಕನ್ನೂ ಬಿಟ್ಟುಕೊಟ್ಟಿದ್ದರೆ ಅದು ಬಾಡಿಗೆಯೇ ಎಂದು ವಾದಿಸಲು ಜಾಗವಿದೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 24ನೇ ಕಲಂ ಮಾತ್ರ ಬೇರೆ ದಾರಿ ಹಿಡಿದಿದೆ. ಲಿಖಿತ ಲೈಸೆನ್ಸ್ ಕರಾರಿನಲ್ಲಿ ಹೇಳಿದ ಸಂಗತಿಗೆ ಆ ಕರಾರೇ ನಿರ್ಣಾಯಕ ಸಾಕ್ಷ್ಯ ಎನ್ನುತ್ತದೆ ಅದು. ಒಂದೇ ಬಗೆಯ ಕಾಗದ, ಗಡಿ ದಾಟಿದ ಮೇಲೆ ಅದರ ತೂಕವೇ ಬೇರೆ.

ಅಲ್ಲೇ ಹಳೆಯ ಬಾಡಿಗೆದಾರರ ಮಾತು ಇನ್ನೊಂದು. ಅದೇ ಕಾಯ್ದೆಯ 15ನೇ ಕಲಂ ಪ್ರಕಾರ ಬಾಡಿಗೆ ಬಾಕಿಗಾಗಿ ಬಿಡಿಸಬೇಕಾದರೆ ಲಿಖಿತವಾಗಿ ಬಾಕಿ ಕೇಳಿ 90 ದಿನ ಕಾಯಬೇಕು. ಅವರಿಗೆ 15 ದಿನದ ನೋಟಿಸ್ ಕೊಟ್ಟು ಕೋರ್ಟಿಗೆ ಓಡಿದರೆ ದಾವೆ ನಿಲ್ಲುವುದಿಲ್ಲ. ಹೀಗೆ ರಾಜ್ಯದ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುವ ಕಡೆ 106ರ ನೋಟಿಸ್ ಬೇಕಾಗಿಯೇ ಇಲ್ಲ, ಆ ಕಾಯ್ದೆ ಹೇಳಿದ ಕಾರಣ ಮತ್ತು ಕ್ರಮವೇ ಮುಖ್ಯ ಎಂದು 1979ರಲ್ಲಿ ಧನಪಾಲ್ ಚೆಟ್ಟಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆದ್ದರಿಂದಲೇ ಮನೆ ಯಾವ ರಾಜ್ಯದಲ್ಲಿದೆ ಎಂದು ನಾನು ಪದೇ ಪದೇ ಕೇಳುವುದು.

ಮನೆ ಇರುವ ರಾಜ್ಯ ಎಂದೆ, ಓನರ್ ಇರುವ ರಾಜ್ಯ ಎನ್ನಲಿಲ್ಲ. ಓನರ್ ಹುಬ್ಬಳ್ಳಿಯವರು, ಛಾಪಾ ಕಾಗದ ಕರ್ನಾಟಕದ್ದು, “ವ್ಯಾಜ್ಯ ಬಂದರೆ ಹುಬ್ಬಳ್ಳಿ ನ್ಯಾಯಾಲಯವೇ” ಎಂಬ ಸಾಲೂ ಕರಾರಿನಲ್ಲಿದೆ, ಮನೆ ಮಾತ್ರ ಪುಣೆಯಲ್ಲಿ. ಆಗಲೂ ಮನೆಯ ಸ್ವಾಧೀನದ ವ್ಯಾಜ್ಯ ನಡೆಯುವುದು ಪುಣೆಯಲ್ಲೇ. ಸ್ಥಿರಾಸ್ತಿಯ ಸ್ವಾಧೀನ ಕೇಳುವ ದಾವೆ ಆ ಆಸ್ತಿ ಇರುವ ಜಾಗದಲ್ಲೇ ಆಗಬೇಕು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ. ಇಲ್ಲದ ಅಧಿಕಾರವನ್ನು ಇಬ್ಬರು ಸೇರಿ ಬರೆದುಕೊಂಡು ಒಂದು ನ್ಯಾಯಾಲಯಕ್ಕೆ ಕೊಡಲು ಬರುವುದಿಲ್ಲ.

ನಮ್ಮ ಕಡೆ “ಲೀಸ್” ಎಂಬ ಮಾತೇ ಒಂದು ಗೊಂದಲ. ಕಾನೂನಿನ ಪುಸ್ತಕದಲ್ಲಿ ಲೀಸ್ ಎಂದರೆ ಬಾಡಿಗೆ. ಬೆಂಗಳೂರಿನ ಬೀದಿಯಲ್ಲಿ ಲೀಸ್ ಎಂದರೆ ಭೋಗ್ಯ: ಹತ್ತು ಲಕ್ಷವೋ ಹದಿನೈದು ಲಕ್ಷವೋ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು. ಅಂಥವರಿಗೆ ನೋಟಿಸ್ ಎಷ್ಟು ದಿನದ್ದು ಎನ್ನುವುದಕ್ಕಿಂತ, ಕೊಟ್ಟ ಮೊತ್ತ ಪತ್ರದಲ್ಲಿ ಹೇಗೆ ಬರೆದಿದೆ, ಪತ್ರ ನೋಂದಣಿಯಾಗಿದೆಯೇ ಎನ್ನುವುದು ದೊಡ್ಡ ಪ್ರಶ್ನೆ. “ಲೀಸ್ ಮನೆ ಸರ್” ಎಂದಷ್ಟೇ ಹೇಳಿದರೆ ಈ ಎರಡರಲ್ಲಿ ಯಾವುದೆಂದು ನಾನು ಹೇಗೆ ತಿಳಿಯಲಿ?

ಗಾಬರಿಯಲ್ಲಿರುವವರನ್ನು ಹೀಗೆ ಪ್ರಶ್ನೆ ಕೇಳಿ ಸತಾಯಿಸಬಾರದು, ಮೊದಲು ಧೈರ್ಯ ಹೇಳಿ ಎನ್ನುತ್ತಾರೆ ಕೆಲವರು. ಗಾಬರಿ ನನಗೂ ಅರ್ಥವಾಗುತ್ತದೆ. ಆದರೆ ಕರಾರಿನ ಮೊದಲ ಪುಟ, ಅವಧಿ ಬರೆದ ಪುಟ, ನೋಟಿಸಿನ ಅವಧಿ ಹೇಳುವ ಸಾಲು, ಇವಿಷ್ಟರ ಫೋಟೋ ತೆಗೆಯಲು ಎರಡು ನಿಮಿಷ ಸಾಕು. ಅದರ ಜೊತೆ ಮನೆಯ ಊರು, ಬಾಡಿಗೆ ಎಷ್ಟು, ನೋಟಿಸ್ ಯಾವತ್ತು ಹೇಗೆ ಬಂತು ಎಂದು ಬರೆದರೆ ನೆಟ್ಟಗೆ ಉತ್ತರ ಹೇಳಬಹುದು. ಗಾಬರಿಯಲ್ಲಿರುವವರಿಗೆ ತಪ್ಪು ಉತ್ತರ ಕೊಡುವುದು ಯಾವ ಕರುಣೆಯೂ ಅಲ್ಲ.

ಬಾಡಿಗೆದಾರರಿಗೆ ಒಂದು ಧೈರ್ಯವನ್ನಂತೂ ಖಂಡಿತ ಹೇಳುತ್ತೇನೆ. ನೋಟಿಸ್ ಎಷ್ಟೇ ಸರಿಯಾಗಿದ್ದರೂ ಅದರಿಂದ ಬಾಡಿಗೆ ಮುಗಿಯುತ್ತದೆಯೇ ಹೊರತು ಓನರ್ ಬಂದು ಬೀಗ ಬದಲಿಸುವ ಅಧಿಕಾರ ಹುಟ್ಟುವುದಿಲ್ಲ. ಮುಂದಿನದು ನ್ಯಾಯಾಲಯದ ಆದೇಶದಿಂದಲೇ ಆಗಬೇಕು. ಬಲವಂತವಾಗಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಬಹುದು.

ಬೆಳಿಗ್ಗೆ ಕೇಳಿದವರು ಕೊನೆಗೆ ಫೋಟೋ ಕಳಿಸಿದರು. ಮನೆ ಪುಣೆಯದು. 22 ತಿಂಗಳ ನೋಂದಾಯಿತ ಲೀವ್ ಅಂಡ್ ಲೈಸೆನ್ಸ್ ಕರಾರು, ಅವಧಿ ಮಾರ್ಚ್ 31ಕ್ಕೇ ಮುಗಿದಿದೆ. ಅಂದರೆ ಇಷ್ಟು ಹೊತ್ತು ಚರ್ಚಿಸಿದ 15 ದಿನಕ್ಕೂ ವಾಟ್ಸಾಪ್‌ಗೂ ಅವರಿಗೂ ಹೆಚ್ಚಿನ ಸಂಬಂಧವಿಲ್ಲ. ಅವಧಿ ಮುಗಿದ ದಿನವೇ ಮನೆ ಬಿಟ್ಟುಕೊಡಬೇಕಿತ್ತು. ಬಿಡದಿದ್ದರೆ ಓನರ್ 24ನೇ ಕಲಮಿನಡಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಲೈಸೆನ್ಸ್ ಶುಲ್ಕದ ಎರಡರಷ್ಟನ್ನು ನಷ್ಟವಾಗಿ ಕೇಳಬಹುದು. ಅವಧಿ ಮುಗಿದ ಮೇಲೂ ಓನರ್ ಎರಡು ತಿಂಗಳ ಹಣ ತೆಗೆದುಕೊಂಡಿದ್ದಾರೆ ಎಂದರು. ಆ ಬ್ಯಾಂಕ್ ದಾಖಲೆ ಎತ್ತಿಡಿ, ವಾದಕ್ಕೆ ಬೇಕಾಗುತ್ತದೆ, ಆದರೆ ಅದೊಂದರಿಂದಲೇ ಕರಾರು ಹೊಸದಾಯಿತು ಎಂದುಕೊಳ್ಳಬೇಡಿ ಎಂದೆ. ನೋಟಿಸಿನಲ್ಲಿ ತಪ್ಪು ಹುಡುಕುವುದನ್ನು ಬಿಟ್ಟು ಇವತ್ತೇ ಓನರ್ ಜೊತೆ ಮಾತಾಡಿ, ಬಿಡುವ ತಾರೀಕನ್ನೂ ಡೆಪಾಸಿಟ್ ವಾಪಸಾತಿಯನ್ನೂ ಬರಹದಲ್ಲಿ ಒಪ್ಪಿಕೊಳ್ಳಿ ಎಂದೂ ಹೇಳಿದೆ. ಒಪ್ಪಂದವಾಗದೆ ಪ್ರಾಧಿಕಾರದಿಂದ ಸಮನ್ಸ್ ಬಂದರೆ ತಡ ಮಾಡುವಂತಿಲ್ಲ. ಪ್ರತಿವಾದ ಮಾಡಲು ಅನುಮತಿ ಕೇಳಿ 30 ದಿನದೊಳಗೆ ಅಫಿಡವಿಟ್ ಹಾಕಬೇಕು. ಹಾಕದಿದ್ದರೆ ಓನರ್ ಹೇಳಿದ್ದನ್ನೇ ಒಪ್ಪಿಕೊಂಡಂತೆ ಲೆಕ್ಕ.